‘ಪ್ರಾಯೋಜಿತ’ ಅಂತ ಹಾಕಿದ್ರೆ ನಮ್ಮ ಊರಲ್ಲಿ ಯಾರಿಗೂ ಅರ್ಥ ಆಗುದಿಲ್ಲ: ಜಾಹೀರಾತು ಲೇಖನಕ್ಕೆ ಲೇಬಲ್ ಹಾಕುವ ಕ್ರಮ

ಉಡುಪಿಯಲ್ಲಿ ಕೂತು ಊಟ ತಿಂಡಿ, ಹೋಟೆಲು, ಊರಿನ ಸುದ್ದಿ ಬರೆಯುವ ಸಣ್ಣ ವೆಬ್‌ಸೈಟ್ ಒಂದು ನಾನು ನಡೆಸುದು. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಒಂದು ಹೊಸ ಮೀನೂಟದ ಹೋಟೆಲಿನವರು ಎಂಟು ಸಾವಿರ ಕೊಟ್ಟು ಲೇಖನ ಬರೆಸಿದ್ರು, ನಾನು ಹೋಗಿ ಊಟ ಮಾಡಿ ಬರೆದೆ, ಪ್ರಕಟ ಮಾಡುವ ಮೊದಲು ಅವರಿಗೆ ವಾಟ್ಸಾಪಲ್ಲಿ ಕಳಿಸಿದೆ, ಅವರು ‘ಮಲ್ಪೆ ಬಂದರಿಂದ ದಿನಾ ಬರುವ ತಾಜಾ ಅಂಜಲ್’ ಅಂತ ಒಂದು ಸಾಲು ಸೇರಿಸಿ ಅಂದ್ರು, ಸೇರಿಸಿದೆ. ಲೇಖನದ ಕೊನೆಗೆ, ಫೋನ್ ನಂಬರು, ಮ್ಯಾಪು ಎಲ್ಲ ಮುಗಿದ ಮೇಲೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ ಲೇಖನ’ ಅಂತ ಹಾಕಿದೆ. ನಿಯಮ ಪಾಲಿಸಿದೆ ಅಂತಲೇ ನನ್ನ ನಂಬಿಕೆ ಇತ್ತು.

ಕಲ್ಯಾಣಪುರ ಕಡೆಯ ಒಬ್ರು ಅಕ್ಕ, ನಾನು ಬರೆದದ್ದನ್ನೆಲ್ಲ ಓದುವವರು, ಮನೆಯವರು ಐದು ಜನ ಸೇರಿ ಆ ಹೋಟೆಲಿಗೆ ಹೋದ್ರು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಅದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತುಂಟು. ಆ ಹೊತ್ತಿಗೆ ದೊಡ್ಡ ಅಂಜಲ್ ದಿನಾ ಮಲ್ಪೆಯಿಂದ ಬರುದು ಎಲ್ಲಿಂದ? ತಟ್ಟೆಗೆ ಬಂದದ್ದು ಐಸಲ್ಲಿಟ್ಟ ಮೀನು. ಅಕ್ಕ ರಾತ್ರಿ ಫೋನ್ ಮಾಡಿ ಬೈಲಿಲ್ಲ, ಮೆತ್ತಗೆ ಕೇಳಿದ್ರು, ‘ನೀವು ದುಡ್ಡು ತಗೊಂಡು ಬರೆದದ್ದಾ ಅದು?’ ನಾನು ಹೌದು, ಕೆಳಗೆ ಪ್ರಾಯೋಜಿತ ಅಂತ ಹಾಕಿದ್ದೇನಲ್ಲ ಅಂದೆ. ಅದಕ್ಕೆ ಅವರು, ‘ಅದು ನಾನು ನೋಡ್ಲಿಲ್ಲ. ನೋಡಿದ್ರೂ ಎಂತ, ಯಕ್ಷಗಾನ ಆಟದ ನೋಟಿಸಲ್ಲಿ ಪ್ರಾಯೋಜಕರು ಅಂತ ಇರ್ತದಲ್ಲ, ಹಾಗೆ ಅವರು ನಿಮ್ಮ ವೆಬ್‌ಸೈಟಿಗೆ ಸಹಾಯ ಮಾಡಿದ್ದು ಅಂತ ಅಂದ್ಕೊಳ್ತಿದ್ದೆ’ ಅಂದ್ರು.

ಆ ಒಂದು ಮಾತಲ್ಲಿ ನನ್ನ ಎರಡು ತಪ್ಪೂ ಇತ್ತು. ಲೇಬಲ್ ಕಣ್ಣಿಗೆ ಬಿದ್ದಿರಲಿಲ್ಲ, ಬಿದ್ದಿದ್ರೂ ಅರ್ಥ ಆಗ್ತಿರಲಿಲ್ಲ. ಅದಾದ ಮೇಲೆ ನಾನು ಒಂದೊಂದಾಗಿ ಸರಿ ಮಾಡಿದ ಕ್ರಮ ಇಲ್ಲಿ ಬರೆದಿದ್ದೇನೆ. ನೀವು ಪೇಜ್ ನಡೆಸುವವರಾದ್ರೆ, ಯೂಟ್ಯೂಬ್ ಮಾಡುವವರಾದ್ರೆ, ಲೋಕಲ್ ಪತ್ರಿಕೆಯವರಾದ್ರೆ ಇದೇ ಕ್ರಮ ನಿಮಗೂ ಆಗ್ತದೆ.

ಮೊದಲು, ಲೇಬಲ್ ಬೇಕಾ ಬೇಡವಾ ಅಂತ ನೋಡಿ

ದುಡ್ಡು ಕೈಗೆ ಬಂದ್ರೆ ಮಾತ್ರ ಜಾಹೀರಾತು ಅಂತ ಅಂದ್ಕೊಳ್ಳುವವರು ತುಂಬ ಜನ. ಭಾರತದ ಜಾಹೀರಾತು ಮಾನದಂಡ ಮಂಡಳಿ, ಅಂದ್ರೆ ಆಸ್ಕಿ, 2021ರ ಜೂನ್ 14ರಿಂದ ಜಾರಿಗೆ ತಂದ ಇನ್‌ಫ್ಲುಯೆನ್ಸರ್ ಮಾರ್ಗಸೂಚಿ ಪ್ರಕಾರ ಉಚಿತ ಊಟ, ಗಿಫ್ಟು, ಡಿಸ್ಕೌಂಟು, ಟ್ರಿಪ್ಪು, ರೂಮ್ ಬಾಡಿಗೆ ಬಿಟ್ಟುಕೊಟ್ಟದ್ದು ಎಲ್ಲವೂ ಲೆಕ್ಕಕ್ಕೆ ಬರ್ತದೆ. ಹೋಟೆಲು ನಿಮ್ಮ ಭಾವನದ್ದಾದ್ರೂ, ನೀವೇ ಅಲ್ಲಿ ಕೆಲಸ ಮಾಡುವವರಾದ್ರೂ ಹೇಳ್ಬೇಕು. ‘ನಾನು ಪ್ರಾಮಾಣಿಕವಾಗಿಯೇ ಬರೆದೆ’ ಅನ್ನುದು ಲೇಬಲ್ ಬಿಡ್ಲಿಕ್ಕೆ ಕಾರಣ ಆಗುದಿಲ್ಲ. ನಾನೇ ಬಿಲ್ ಕೊಟ್ಟು ತಿಂದು ಬಂದು ಬರೆದದ್ದಾದ್ರೆ ಲೇಬಲ್ ಬೇಡ.

ಕಾನೂನಿನ ವಿಷಯ ಇಷ್ಟೇ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೆಳಗೆ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷದವರೆಗೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ ದಂಡ ಹಾಕ್ಲಿಕ್ಕೆ ಆಗ್ತದೆ, ಶಿಫಾರಸು ಮಾಡಿದವರಿಗೂ ಇದು ಅನ್ವಯ. ಆದ್ರೆ ನನ್ನಂಥ ಸಣ್ಣವನಿಗೆ ಆ ದಂಡಕ್ಕಿಂತ ಮೊದಲು ಬರುವ ಹೆದರಿಕೆ ಕಲ್ಯಾಣಪುರದ ಅಕ್ಕನ ಫೋನಿಂದು.

ಆಮೇಲೆ ಶಬ್ದ. ಇದಕ್ಕೆ ಜಾಸ್ತಿ ಟೈಮ್ ಕೊಡಿ

ನಮ್ಮಲ್ಲಿ ‘ಪ್ರಾಯೋಜಕ’ ಅನ್ನುವ ಶಬ್ದ ಎಲ್ಲಿ ಕಾಣ್ತದೆ ಯೋಚನೆ ಮಾಡಿ. ಯಕ್ಷಗಾನದ ನೋಟಿಸು, ಕಂಬಳದ ಬ್ಯಾನರು, ಊರಿನ ಕ್ರಿಕೆಟ್ ಟೂರ್ನಮೆಂಟು, ಭಜನಾ ಮಂಡಳಿಯ ವಾರ್ಷಿಕೋತ್ಸವ. ಅಲ್ಲಿ ಪ್ರಾಯೋಜಕ ಅಂದ್ರೆ ದುಡ್ಡು ಕೊಟ್ಟು ಪುಣ್ಯ ಕಟ್ಕೊಂಡವರು, ಗೌರವದ ಜನ. ಆಟ ಆಡಿಸಿದವರು ದುಡ್ಡು ಕೊಟ್ಟಿದ್ದಾರೆ ಅಂತ ಭಾಗವತರು ಪದ ಬದಲಾಯಿಸಿ ಹೇಳುದಿಲ್ಲ. ಹಾಗಾಗಿ ‘ಪ್ರಾಯೋಜಿತ’ ಅಂತ ಕಂಡ ಕೂಡ್ಲೇ ನಮ್ಮ ಓದುಗರ ತಲೆಗೆ ಬರುದು ‘ಯಾರೋ ಒಳ್ಳೆಯವರು ಸಹಾಯ ಮಾಡಿದ್ದಾರೆ, ಬರೆದದ್ದು ಮಾತ್ರ ಇವರದ್ದೇ ಅಭಿಪ್ರಾಯ’ ಅಂತ. ‘ಸಹಯೋಗ’ ಅಂತೂ ಇನ್ನೂ ದೂರ, ಲಯನ್ಸ್ ಕ್ಲಬ್ಬಿನ ಸಹಯೋಗದಲ್ಲಿ ರಕ್ತದಾನ ಶಿಬಿರ ಅಂದ ಹಾಗೆ ಕೇಳ್ತದೆ. ಆಸ್ಕಿ ಒಪ್ಪುವ ಇಂಗ್ಲಿಷ್ ಲೇಬಲ್‌ಗಳಲ್ಲಿ ಸ್ಪಾನ್ಸರ್ಡ್, ಕೊಲಾಬರೇಶನ್, ಪಾರ್ಟ್‌ನರ್‌ಶಿಪ್ ಎಲ್ಲ ಉಂಟು, ಆದ್ರೆ ಅದೇ ಮಾರ್ಗಸೂಚಿ ಲೇಬಲ್ ಸಾಮಾನ್ಯ ಗ್ರಾಹಕನಿಗೆ ಚೆನ್ನಾಗಿ ಅರ್ಥ ಆಗ್ಬೇಕು ಅಂತಲೂ ಹೇಳ್ತದೆ. ಅವನ್ನು ಡಿಕ್ಷನರಿ ನೋಡಿ ಕನ್ನಡ ಮಾಡಿದ್ರೆ ನಿಯಮದ ಅಕ್ಷರ ಉಳೀತದೆ, ಕೆಲಸ ಆಗುದಿಲ್ಲ.

‘ಜಾಹೀರಾತು’ ಅನ್ನುವ ಶಬ್ದ ಮಾತ್ರ ಎಲ್ಲರಿಗೂ ಗೊತ್ತು. ಅದನ್ನೇ ಹಾಕಿ. ಅಷ್ಟಕ್ಕೇ ನಿಲ್ಲಿಸ್ಬೇಡಿ, ಓದುಗರಿಗೆ ನಿಜವಾಗಿ ಬೇಕಾದ್ದು ಮೂರು ವಿಷಯ: ದುಡ್ಡು ಯಾರು ಕೊಟ್ಟದ್ದು, ಬರೆದದ್ದು ಯಾರು, ಪ್ರಕಟ ಆಗುವ ಮೊದಲು ನೋಡಿ ತಿದ್ದಿದ್ದು ಯಾರು. ಈ ಮೂರನೆಯದ್ದನ್ನು ಹೆಚ್ಚಿನವರು ಮುಚ್ಚಿಡ್ತಾರೆ, ಆದ್ರೆ ನಂಬಿಕೆ ನಿಂತಿರುದು ಅದರ ಮೇಲೆಯೇ. ಆ ಅಂಜಲ್ ಸಾಲು ಬಂದದ್ದು ಅಲ್ಲಿಂದ ಅಲ್ವಾ.

ಈಗ ನಾನು ಹಾಕುವ ಲೇಬಲ್ ಹೀಗೆ ಉಂಟು:

‘ಜಾಹೀರಾತು. ಈ ಲೇಖನಕ್ಕೆ ಹೋಟೆಲಿನವರು ದುಡ್ಡು ಕೊಟ್ಟಿದ್ದಾರೆ. ಬರೆದದ್ದು ನಾವು, ಪ್ರಕಟಿಸುವ ಮೊದಲು ಓದಿ ಒಪ್ಪಿದ್ದು ಅವರು.’

‘ಹೋಟೆಲಿನವರು’ ಅನ್ನುವಲ್ಲಿ ಹೋಟೆಲಿನ ಹೆಸರನ್ನೇ ಹಾಕ್ಬೇಕು. ಊಟ ಮಾತ್ರ ಉಚಿತ ಆಗಿದ್ರೆ ‘ಉಚಿತ ಊಟ. ಬಿಲ್ ತಗೊಳ್ಳಲಿಲ್ಲ, ಬೇರೆ ದುಡ್ಡು ಕೊಟ್ಟಿಲ್ಲ, ಬರೆದದ್ದನ್ನು ಅವರಿಗೆ ಮೊದಲು ತೋರಿಸಿಲ್ಲ’ ಅಂತ. ಅದು ನಿಜ ಆಗಿದ್ರೆ ಮಾತ್ರ. ಒಂದು ಸಾಲನ್ನಾದ್ರೂ ಅವರು ಹೇಳಿದ ಹಾಗೆ ಬದಲಾಯಿಸಿದ್ರೆ ‘ತೋರಿಸಿಲ್ಲ’ ಅಂತ ಬರೀಲಿಕ್ಕೆ ಆಗುದಿಲ್ಲ.

ಎಲ್ಲಿ ಹಾಕುದು

ಇಲ್ಲಿ ಸ್ವಲ್ಪ ರಿಸರ್ಚ್ ಗೊತ್ತಿದ್ರೆ ಒಳ್ಳೇದು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ವೊಯ್ಡಿನ್‌ಸ್ಕಿ ಮತ್ತು ಎವನ್ಸ್ ಅನ್ನುವ ಇಬ್ರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುದ್ದಿಯ ಹಾಗೆ ಕಾಣುವ ಜಾಹೀರಾತು ಲೇಖನವನ್ನು ಜನರಿಗೆ ತೋರಿಸಿದ್ರು, ಲೇಬಲನ್ನು ಮೇಲೆ, ಮಧ್ಯದಲ್ಲಿ, ಕೆಳಗೆ ಅಂತ ಬದಲಾಯಿಸಿದ್ರು, ಶಬ್ದವನ್ನೂ ಬದಲಾಯಿಸಿದ್ರು. ಇದು ಜಾಹೀರಾತು ಅಂತ ಗುರುತಿಸಿದವರು ಹತ್ತರಲ್ಲಿ ಒಬ್ಬರಿಗಿಂತಲೂ ಕಮ್ಮಿ. ಕಣ್ಣು ಎಲ್ಲಿ ಹೋಗ್ತದೆ ಅಂತ ಮೆಷಿನ್ ಇಟ್ಟು ನೋಡಿದಾಗ, ಮೇಲೆ ಇದ್ದ ಲೇಬಲಿಗಿಂತ ಮಧ್ಯದಲ್ಲಿ ಇದ್ದದ್ದನ್ನು ಜಾಸ್ತಿ ಜನ ನೋಡಿದ್ದಾರೆ ಅಂತ ಸಿಕ್ಕಿತು. ಕಾರಣ ಕಷ್ಟದ್ದಲ್ಲ, ವೆಬ್ ಪೇಜಿನ ಮೇಲ್ಭಾಗದಲ್ಲಿ ಯಾವಾಗ್ಲೂ ಬ್ಯಾನರು, ಮೆನು, ಲೋಗೋ ಇರ್ತದೆ, ಓದುವವರ ಕಣ್ಣು ಆ ಜಾಗವನ್ನೇ ದಾಟಿ ಸೀದಾ ಹೆಡ್ಡಿಂಗಿಗೆ ಹಾರ್ತದೆ.

ಹಾಗಂತ ಮೇಲಿಂದು ಬಿಟ್ಟು ಮಧ್ಯದಲ್ಲಿ ಮಾತ್ರ ಹಾಕಿದ್ರೆ ಅದು ಮೋಸದ ಹಾಗೆಯೇ, ಓದ್ಲಿಕ್ಕೆ ಶುರು ಮಾಡುವ ಮೊದಲು ಗೊತ್ತಾಗ್ಬೇಕು. ನಾನು ಎರಡು ಕಡೆ ಹಾಕ್ತೇನೆ. ಒಂದು, ಹೆಡ್ಡಿಂಗಿನ ಒಳಗೇ ಮೊದಲ ಶಬ್ದ ‘ಜಾಹೀರಾತು:’ ಅಂತ, ಹೆಡ್ಡಿಂಗಿನಷ್ಟೇ ದಪ್ಪ ಅಕ್ಷರದಲ್ಲಿ. ಎರಡನೇದು, ಎರಡನೇ ಪ್ಯಾರಾ ಮುಗಿದ ಕೂಡ್ಲೇ ಆ ಮೂರು ವಾಕ್ಯದ ಪೂರ್ತಿ ಲೇಬಲ್, ಲೇಖನದ ಅಕ್ಷರದ ಸೈಜಲ್ಲೇ, ಕಪ್ಪು ಅಕ್ಷರ, ತೆಳು ಹಳದಿ ಹಿನ್ನೆಲೆ. ಬೂದು ಬಣ್ಣ ಬೇಡ, ಮಧ್ಯಾಹ್ನ ಸಿಟಿ ಬಸ್‌ಸ್ಟ್ಯಾಂಡಲ್ಲಿ ಬಿಸಿಲಿಗೆ ನಿಂತು ಮೊಬೈಲ್ ನೋಡುವವರಿಗೆ ಬೂದು ಅಕ್ಷರ ಇದ್ದೂ ಇಲ್ಲದ ಹಾಗೆ.

ವಾಟ್ಸಾಪಿಗೆ ಹೋದಾಗ ಲೇಬಲ್ ಜೊತೆಗೆ ಹೋಗ್ಬೇಕು

ನನ್ನ ಓದುಗರಲ್ಲಿ ಹೆಚ್ಚಿನವರು ಬರುದು ಫ್ಯಾಮಿಲಿ ಗ್ರೂಪು, ಯುವಕ ಮಂಡಲದ ಗ್ರೂಪಲ್ಲಿ ಯಾರೋ ಹಾಕಿದ ಲಿಂಕಿಂದ. ಅಲ್ಲಿ ಕಾಣುದು ಒಂದು ಫೋಟೋ, ಒಂದು ಹೆಡ್ಡಿಂಗು ಅಷ್ಟೇ, ತುಂಬ ಜನ ಒಳಗೆ ಬರುದೇ ಇಲ್ಲ, ಫೋಟೋದಲ್ಲಿ ತವಾ ಫ್ರೈ ನೋಡಿ ‘ಆದಿತ್ಯವಾರ ಹೋಗುವನಾ’ ಅಂತ ಅಲ್ಲೇ ಮಾತಾಡ್ತಾರೆ. ಒಳಗೆ ಎಷ್ಟು ದೊಡ್ಡ ಲೇಬಲ್ ಹಾಕಿದ್ರೂ ಅವರಿಗೆ ಗೊತ್ತಾಗುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲೇ ಇದನ್ನು ಹೇಳಿತ್ತು, ಬೇರೆ ಕಡೆ ಶೇರ್ ಆದಾಗಲೂ ಲೇಬಲ್ ಉಳೀಬೇಕು ಅಂತ.

ಲಿಂಕ್ ಪ್ರಿವ್ಯೂಗೆ ಹೆಡ್ಡಿಂಗ್ ಬರುದು ಪೇಜಿನ ಈ ಸಾಲಿಂದ, ಇದರಲ್ಲಿ ಲೇಬಲ್ ಮೊದಲು ಬರ್ಬೇಕು. ಪ್ರಿವ್ಯೂ ಉದ್ದ ಹೆಡ್ಡಿಂಗನ್ನು ಕೊನೆಗೆ ಕತ್ತರಿಸ್ತದೆ, ಹಾಗಾಗಿ ಹಿಂದೆ ಹಾಕಿದ್ರೆ ಮೊದಲು ಹೋಗುದು ಲೇಬಲ್ಲೇ:

```html
<meta property="og:title" content="ಜಾಹೀರಾತು: ಹೊಸ ಮೀನೂಟದ ಹೋಟೆಲು">
```

ಫೋಟೋದ ಮೇಲೂ ‘ಜಾಹೀರಾತು’ ಅಂತ ಬರೆದೇ ಅಪ್‌ಲೋಡ್ ಮಾಡಿ. ಮೂಲೆಯಲ್ಲಿ ಬೇಡ, ಪ್ರಿವ್ಯೂ ಕೆಲವೊಮ್ಮೆ ಫೋಟೋವನ್ನು ಚೌಕಕ್ಕೆ ಕತ್ತರಿಸಿ ಸಣ್ಣದಾಗಿ ತೋರಿಸ್ತದೆ, ಎಡ ಬಲದ ತುದಿ ಹೋಗಿಬಿಡ್ತದೆ. ನಡು ಭಾಗದ ಕೆಳಗೆ ಹಾಕಿ. ಆಮೇಲೆ ಲಿಂಕನ್ನು ನಿಮಗೇ ವಾಟ್ಸಾಪಲ್ಲಿ ಕಳಿಸಿ ನೋಡಿ, ನಾನು ಪ್ರತಿ ಸಲ ಮಾಡ್ತೇನೆ.

ಹೋಟೆಲಿನ ವೆಬ್‌ಸೈಟಿಗೆ ಲಿಂಕ್ ಕೊಡುವುದಿದ್ರೆ ಅದಕ್ಕೆ `rel="sponsored"` ಸೇರಿಸಿ, ದುಡ್ಡು ತಗೊಂಡ ಲಿಂಕಿಗೆ ಹೀಗೆ ಗುರುತು ಹಾಕಿ ಅಂತ ಗೂಗಲ್ 2019ರಿಂದ ಹೇಳ್ತಾ ಉಂಟು. ಇದು ಓದುಗರಿಗೆ ಕಾಣುದಿಲ್ಲ, ಸರ್ಚಿಗೆ ಮಾತ್ರ.

ವಿಡಿಯೋ ಆದ್ರೆ

ಆಸ್ಕಿ ಲೆಕ್ಕ ಹೀಗೆ: 15 ಸೆಕೆಂಡು ಅಥವಾ ಅದಕ್ಕಿಂತ ಸಣ್ಣ ವಿಡಿಯೋದಲ್ಲಿ ಲೇಬಲ್ ಕಮ್ಮಿ ಅಂದ್ರೆ 3 ಸೆಕೆಂಡು ಕಾಣ್ಬೇಕು. 15 ಸೆಕೆಂಡಿಗಿಂತ ಉದ್ದ, 2 ನಿಮಿಷಕ್ಕಿಂತ ಕಮ್ಮಿ ಇದ್ರೆ ವಿಡಿಯೋದ ಮೂರರಲ್ಲಿ ಒಂದು ಭಾಗ, ಅಂದ್ರೆ 60 ಸೆಕೆಂಡಿನ ರೀಲಿಗೆ 20 ಸೆಕೆಂಡು. 2 ನಿಮಿಷ ಅಥವಾ ಜಾಸ್ತಿ ಇದ್ರೆ ಆ ಬ್ರ್ಯಾಂಡಿನ ವಿಷಯ ಬರುವ ಭಾಗ ಪೂರ್ತಿ. ಬಯೋದಲ್ಲಿ ಒಮ್ಮೆ ‘ಪೇಯ್ಡ್ ಪ್ರಮೋಷನ್ ಮಾಡ್ತೇವೆ’ ಅಂತ ಬರೆದಿಟ್ರೆ ಅದು ಲೆಕ್ಕಕ್ಕೆ ಬರುದಿಲ್ಲ, ಹತ್ತು ಹ್ಯಾಶ್‌ಟ್ಯಾಗಿನ ನಡುವೆ ಹುಗಿದಿಟ್ರೂ ಬರುದಿಲ್ಲ. ಯೂಟ್ಯೂಬಿನ `Includes paid promotion`, ಇನ್‌ಸ್ಟಾಗ್ರಾಮಿನ `Paid partnership` ಆನ್ ಮಾಡಿ, ಜೊತೆಗೆ ಕನ್ನಡ ಲೇಬಲ್ ವಿಡಿಯೋ ಮೇಲೆಯೇ ಹಾಕಿ, ಬಾಯಲ್ಲೂ ಒಮ್ಮೆ ಹೇಳಿ. ನಮ್ಮಲ್ಲಿ ತುಂಬ ಜನ ಕೆಲಸ ಮಾಡ್ತಾ ವಿಡಿಯೋ ಕೇಳುದು, ನೋಡುದಲ್ಲ.

ಹತ್ತು ಜನರಿಗೆ ತೋರಿಸಿ, ಆದ್ರೆ ಸರಿಯಾಗಿ ಕೇಳಿ

ಇದಕ್ಕೆ ದುಡ್ಡು ಬೇಡ, ಒಂದು ಮಧ್ಯಾಹ್ನ ಸಾಕು. ಲೇಖನವನ್ನು ಮೊಬೈಲಲ್ಲಿ ತೆಗೆದು ಕೊಡಿ, ಅವರು ಹೇಗೆ ಓದ್ತಾರೋ ಹಾಗೆ ಓದ್ಲಿ, ಆಮೇಲೆ ಮೊಬೈಲ್ ವಾಪಸ್ ತಗೊಂಡು ಕೇಳಿ: ‘ಇದನ್ನು ಯಾಕೆ ಬರೆದದ್ದು ಅಂತ ಅನ್ನಿಸ್ತು?’ ಇಷ್ಟೇ. ‘ಜಾಹೀರಾತು ಅಂತ ಬರೆದದ್ದು ನೋಡಿದ್ರಾ’ ಅಂತ ನೀವೇ ಬಾಯಿ ಬಿಟ್ರೆ ಎಲ್ಲರೂ ಹೌದು ಅಂತಾರೆ, ಅದು ನಿಮ್ಮ ಮರ್ಯಾದೆಗೆ ಹೇಳಿದ್ದು. ಅವರಾಗಿ ದುಡ್ಡಿನ ವಿಷಯ, ಪ್ರಚಾರದ ವಿಷಯ ತೆಗೆದ್ರೆ ಮಾತ್ರ ಲೇಬಲ್ ಮುಟ್ಟಿತು ಅಂತ ಲೆಕ್ಕ. ಕಡೆಗೆ ಇನ್ನೊಂದು ಪ್ರಶ್ನೆ, ‘ಹೋಟೆಲಿನವರು ಇದರಲ್ಲಿ ಎಂತಾದ್ರೂ ಬದಲಾಯಿಸಿರ್ಬಹುದಾ?’

ನಾನು ಹಳೆ ಲೇಖನವನ್ನು ಹೀಗೆ ಹತ್ತು ಜನಕ್ಕೆ ತೋರಿಸಿದೆ, ಮಣಿಪಾಲದ ಹಾಸ್ಟೆಲ್ ಹುಡುಗರು, ಪಕ್ಕದ ಅಂಗಡಿಯವರು, ನಮ್ಮ ಅತ್ತಿಗೆ ಎಲ್ಲ ಸೇರಿ. ದುಡ್ಡಿನ ವಿಷಯ ಹೇಳಿದ್ದು ಒಬ್ಬರೇ. ಲೇಬಲ್ ಸರಿ ಮಾಡಿ ಬೇರೆ ಹತ್ತು ಜನಕ್ಕೆ ತೋರಿಸಿದಾಗ ಏಳು ಜನ ಹೇಳಿದ್ರು. ಉಳಿದ ಮೂವರಲ್ಲಿ ಇಬ್ಬರು ಮೊಬೈಲಲ್ಲಿ ಅಕ್ಷರ ದೊಡ್ಡ ಮಾಡಿಟ್ಟವರು, ಅವರಿಗೆ ಎರಡನೇ ಲೇಬಲ್ ಬರುವ ಮೊದಲೇ ಮೂರು ಸ್ಕ್ರೀನ್ ಆಗಿತ್ತು. ಅದಕ್ಕೇ ಈಗ ಮೊದಲ ಎರಡು ಪ್ಯಾರಾ ಸಣ್ಣದೇ ಬರೆಯುದು. ಹತ್ತು ಜನರಿಂದ ಶೇಕಡಾ ಲೆಕ್ಕ ತೆಗೆದು ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡಿ, ಇದು ಎಲ್ಲಿ ತೂತು ಉಂಟು ಅಂತ ಹುಡುಕ್ಲಿಕ್ಕೆ ಮಾತ್ರ.

‘ಜಾಹೀರಾತು ಅಂತ ಹಾಕಿದ್ರೆ ಯಾರು ಓದ್ತಾರೆ ಮಾರಾಯ್ರೆ’

ದುಡ್ಡು ಕೊಡುವವರು ಇದನ್ನು ಕೇಳಿಯೇ ಕೇಳ್ತಾರೆ, ಸುಳ್ಳು ಸಮಾಧಾನ ಹೇಳ್ಬೇಡಿ. ಜಾಹೀರಾತು ಅಂತ ಗೊತ್ತಾದವರು ಲೇಖನವನ್ನೂ ಕಂಪನಿಯನ್ನೂ ಸ್ವಲ್ಪ ಕಮ್ಮಿ ಮೆಚ್ಚಿಕೊಳ್ತಾರೆ ಅಂತಲೇ ಹೆಚ್ಚಿನ ಅಧ್ಯಯನಗಳಲ್ಲಿ ಕಾಣುದು, ಮೇಲೆ ಹೇಳಿದ 2016ರದ್ದರಲ್ಲೂ ಹಾಗೆಯೇ. ಆದ್ರೆ ಅದೇ ಸಂಶೋಧಕರ ತಂಡ ಆಮೇಲೆ ಇನ್ನೊಂದು ಕಂಡುಕೊಂಡಿತು: ದುಡ್ಡಿನ ಸಂಬಂಧವನ್ನು ಬಿಚ್ಚಿ ಹೇಳಿದ್ದಾರೆ ಅಂತ ಓದುಗರಿಗೆ ಅನ್ನಿಸಿದ್ರೆ ಆ ಅಸಮಾಧಾನ ತಗ್ಗುತ್ತದೆ. ಅರ್ಧಂಬರ್ಧ ಲೇಬಲ್ ಹಾಕಿ ಸಿಕ್ಕಿಬಿದ್ದರೆ ಎರಡೂ ಕಡೆ ನಷ್ಟ.

ಇನ್ನೊಂದು ಅಧ್ಯಯನ ಹೋಟೆಲಿನವರಿಗೆ ನಾನು ಯಾವಾಗ್ಲೂ ಹೇಳುದು. ನವದೀಪ್ ಸಾಹ್ನಿ ಮತ್ತು ಹರಿಕೇಶ್ ನಾಯರ್ ಅನ್ನುವವರು ರೆಸ್ಟೋರೆಂಟ್ ಹುಡುಕುವ ಒಂದು ದೊಡ್ಡ ಮೊಬೈಲ್ ಆ್ಯಪಲ್ಲಿ ಪ್ರಯೋಗ ಮಾಡಿದ್ರು. ಒಂದೇ ಜಾಹೀರಾತು, ಕೆಲವರಿಗೆ ಜಾಹೀರಾತು ಅಂತ ಗುರುತು ಹಾಕಿ, ಕೆಲವರಿಗೆ ಹಾಕದೆ. ಗುರುತು ಕಂಡವರಿಂದ ರೆಸ್ಟೋರೆಂಟಿಗೆ ಹೋದ ಫೋನ್ ಕರೆ 77% ಜಾಸ್ತಿ. ದುಡ್ಡು ಹಾಕಿ ಜಾಹೀರಾತು ಕೊಡ್ತಾರೆ ಅಂದ್ರೆ ಅವರಿಗೆ ತಮ್ಮ ಹೋಟೆಲಿನ ಮೇಲೆ ಧೈರ್ಯ ಉಂಟು ಅಂತ ಜನ ತಿಳ್ಕೊಳ್ತಾರೆ ಅನ್ನುದು ಅವರ ವಿವರಣೆ. ತಮ್ಮ ಊರು ಬಿಟ್ಟು ಬೇರೆ ಊರಲ್ಲಿ ಹುಡುಕುವವರಲ್ಲಿ, ಇನ್ನೂ ಕಮ್ಮಿ ಜನ ರೇಟಿಂಗ್ ಕೊಟ್ಟಿರುವ ರೆಸ್ಟೋರೆಂಟುಗಳಲ್ಲಿ ಈ ಪರಿಣಾಮ ಜಾಸ್ತಿ ಕಂಡಿತು. ಕೃಷ್ಣಮಠಕ್ಕೆ ಬಂದ ಯಾತ್ರಿಕರು, ಮಣಿಪಾಲಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳು ಸರಿಯಾಗಿ ಅಂಥವರೇ ಅಲ್ವಾ. ಆದ್ರೆ ಅದು ಆ್ಯಪಿನ ಲಿಸ್ಟಲ್ಲಿ ಬರುವ ಜಾಹೀರಾತು, ಸುದ್ದಿಯ ವೇಷದಲ್ಲಿ ಬರುವ ಲೇಖನ ಅಲ್ಲ. ಸಾವಿರ ಪದ ಓದಿಸಿ ಮೇಲೆ ನಮ್ಮ ಹೆಸರು ಹಾಕಿದ ಲೇಖನಕ್ಕೂ 77% ಬರ್ತದೆ ಅಂತ ನಾನು ಯಾರಿಗೂ ಮಾತು ಕೊಡುದಿಲ್ಲ.

ಅದಕ್ಕೇ ಲೆಕ್ಕ ಇಡುದು ಕ್ಲಿಕ್ಕಿನದ್ದಲ್ಲ. ಲೇಬಲ್ ನೋಡಿ ಒಳಗೆ ಬಾರದವರು ಹೇಗೂ ಊಟಕ್ಕೆ ಬರುವವರಲ್ಲ, ಅವರು ಬಿಟ್ಟುಹೋದ್ರೆ ಕ್ಲಿಕ್ ಇಳೀತದೆ, ವ್ಯಾಪಾರ ಇಳೀಬೇಕು ಅಂತಿಲ್ಲ. ಲೇಖನಕ್ಕೆ ಮಾತ್ರ ಬೇರೆ ಫೋನ್ ನಂಬರು ಕೊಡಿ, ಇಲ್ಲಾಂದ್ರೆ ಲೇಖನ ತೋರಿಸಿದವರಿಗೆ ಒಂದು ಸೋಲ್ಕಡಿ ಫ್ರೀ ಅಂತ ಇಟ್ಟು ಕ್ಯಾಶಿನಲ್ಲಿ ಕೂರುವವರ ಹತ್ರ ನೋಟ್‌ಬುಕ್ಕಲ್ಲಿ ಗೀಟು ಹಾಕ್ಲಿಕ್ಕೆ ಹೇಳಿ. ನಾಲ್ಕು ವಾರ ನೋಡಿ. ಮಧ್ಯದಲ್ಲಿ ಅಷ್ಟಮಿಯೋ, ಉದ್ದ ರಜೆಯೋ ಬಂದ್ರೆ ಆ ವಾರ ಬಿಟ್ಟು ಲೆಕ್ಕ ಮಾಡಿ.

ತಪ್ಪಿ ಹೋದದ್ದನ್ನು ಸರಿ ಮಾಡುದು

ಲೇಬಲ್ ಹಾಕಿದ ಮಾತ್ರಕ್ಕೆ ಸುಳ್ಳು ಸಾಲು ಸತ್ಯ ಆಗುದಿಲ್ಲ, ನನ್ನ ಅಂಜಲ್ ಸಾಲಿಗೆ ಎಷ್ಟು ದೊಡ್ಡ ‘ಜಾಹೀರಾತು’ ಹಾಕಿದ್ರೂ ಅದು ಜೂನಲ್ಲಿ ಸುಳ್ಳೇ. ಹಾಗಾಗಿ ಈಗ ದುಡ್ಡು ತಗೊಳ್ಳುವ ಮೊದಲೇ ಎರಡು ಮಾತು ಬರೆದು ಒಪ್ಪಿಸಿಕೊಳ್ತೇನೆ: ಲೇಬಲಿನ ಶಬ್ದ, ಜಾಗ ನಾನು ನಿರ್ಧಾರ ಮಾಡುದು, ಮತ್ತೆ ನಾನು ಕಣ್ಣಾರೆ ನೋಡದ ಯಾವ ಮಾತೂ ನನ್ನ ಮಾತಾಗಿ ಬರುದಿಲ್ಲ, ‘ಹೋಟೆಲಿನವರು ಹೇಳುವ ಪ್ರಕಾರ’ ಅಂತಲೇ ಬರುದು. ಒಪ್ಪದವರು ಇದ್ದಾರೆ, ಅವರ ದುಡ್ಡು ಬಿಟ್ಟಿದ್ದೇನೆ.

ಹಳೆ ಲೇಖನವನ್ನು ಸುಮ್ಮನೆ ಡಿಲೀಟ್ ಮಾಡ್ಬೇಡಿ, ಲಿಂಕು ಇನ್ನೂ ಗ್ರೂಪುಗಳಲ್ಲಿ ತಿರುಗ್ತಾ ಇರ್ತದೆ, ಒತ್ತಿದವರಿಗೆ ಖಾಲಿ ಪೇಜ್ ಬಂದ್ರೆ ಏನೋ ಮುಚ್ಚಿಟ್ರು ಅಂತ ಆಗ್ತದೆ. ಅದೇ ಪೇಜಲ್ಲಿ ಮೇಲೆ ತಾರೀಖು ಹಾಕಿ ಏನು ಬದಲಾಯಿಸಿದ್ದು ಅಂತ ಬರೆಯಿರಿ. ನಾನು ಹಾಕಿದ್ದು: ‘ಇದು ಜಾಹೀರಾತು ಲೇಖನ, ಮೊದಲು ಇದನ್ನು ಸರಿಯಾಗಿ ತಿಳಿಸಿರಲಿಲ್ಲ. ಮಲ್ಪೆಯಿಂದ ದಿನಾ ತಾಜಾ ಅಂಜಲ್ ಅನ್ನುವ ಸಾಲು ಹೋಟೆಲಿನವರು ಹೇಳಿ ಸೇರಿಸಿದ್ದು, ನಿಷೇಧದ ಅವಧಿಯಲ್ಲಿ ಅದು ಸರಿಯಲ್ಲ, ತೆಗೆದಿದ್ದೇವೆ.’ ಆಮೇಲೆ ಆ ಲಿಂಕನ್ನು ಮೊದಲು ಯಾವ ಯಾವ ಗ್ರೂಪಿಗೆ ಹಾಕಿದ್ದೆನೋ ಅದೇ ಗ್ರೂಪುಗಳಿಗೆ ಇನ್ನೊಮ್ಮೆ ಹಾಕಿದೆ, ಕಲ್ಯಾಣಪುರದ ಅಕ್ಕನಿಗೆ ಬೇರೆಯೇ ಕಳಿಸಿದೆ. ಹಳೆ ಪ್ರಿವ್ಯೂ ಕೆಲವು ಮೊಬೈಲಲ್ಲಿ ಹಾಗೇ ಉಳಿದಿರ್ತದೆ, ಅದಕ್ಕೆ ಏನೂ ಮಾಡ್ಲಿಕ್ಕೆ ಆಗುದಿಲ್ಲ, ಹೊಸದಾಗಿ ಕಳಿಸುವಾಗ ಮೆಸೇಜಿನ ಮೊದಲ ಶಬ್ದವನ್ನೇ ‘ತಿದ್ದುಪಡಿ’ ಅಂತ ಟೈಪ್ ಮಾಡಿ ಕಳಿಸಿ.